ನೋಟಿಸ್ ಪೀರಿಯಡ್ ಮುಗಿಯುವ ಮುಂಚೆ ಕೆಲಸ ಬಿಟ್ಟರೆ: ಫೈನಲ್ ಸೆಟಲ್‌ಮೆಂಟಿನಲ್ಲಿ ಎಷ್ಟು ಹಿಡಿಯಬಹುದು, ಲೆಕ್ಕ ಹಾಕುವುದು ಹೇಗೆ

ಬೆಂಗಳೂರಿನ ಐಟಿ ಕಂಪನಿಗಳಲ್ಲಿ 90 ದಿನದ ನೋಟಿಸ್ ಮಾಮೂಲಿ. ಆದರೆ ಹೊಸ ಕಂಪನಿಯವರು ಅಷ್ಟು ದಿನ ಕಾಯುವುದಿಲ್ಲ, ಒಂದೂವರೆ ತಿಂಗಳೊಳಗೆ ಬನ್ನಿ ಅಂತಾರೆ. ನಡುವೆ ಕಮ್ಮಿ ಬೀಳುವ ದಿನಗಳಿಗೆ ಹಳೆ ಕಂಪನಿ ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟಿನಲ್ಲಿ ದುಡ್ಡು ಹಿಡಿದುಕೊಳ್ಳುತ್ತದೆ. ತುಂಬಾ ಜನ ಆ ಶೀಟಿನ ಕೊನೆಯ ಸಾಲು ಮಾತ್ರ ನೋಡುತ್ತಾರೆ. ಅದೇ ಸಂಬಳ, ಅಷ್ಟೇ ದಿನ ಇದ್ದರೂ ಈ ಕಡಿತ 73 ಸಾವಿರವೂ ಆಗಬಹುದು, 1 ಲಕ್ಷ 80 ಸಾವಿರವೂ ಆಗಬಹುದು. ಯಾವ ಸಂಬಳವನ್ನು ತಗೊಂಡರು, ಅದನ್ನು ಎಷ್ಟರಿಂದ ಭಾಗಿಸಿದರು, ಎಷ್ಟು ದಿನ ಎಣಿಸಿದರು ಎನ್ನುವುದರ ಮೇಲೆ ಅದು ನಿಂತಿದೆ. ಈ ಮೂರನ್ನೂ ರಾಜೀನಾಮೆ ಕೊಡುವ ಮುಂಚೆಯೇ ಬರಹದಲ್ಲಿ ಇತ್ಯರ್ಥ ಮಾಡಿಕೊಳ್ಳಬೇಕು. ಆಮೇಲೆ ಕೇಳಿದರೆ ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಲೆಕ್ಕಕ್ಕೆ ಒಬ್ಬರನ್ನು ಇಟ್ಟುಕೊಳ್ಳೋಣ, ಶ್ವೇತಾ ಅಂತ. ಮಾರತ್ತಹಳ್ಳಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಮೂರು ವರ್ಷದಿಂದ ಕೆಲಸ. ಸಿಟಿಸಿ ವರ್ಷಕ್ಕೆ 12 ಲಕ್ಷ, ಅಂದರೆ ತಿಂಗಳಿಗೆ 1,00,000. ಅದರಲ್ಲಿ ಪೇಸ್ಲಿಪ್ಪಿನಲ್ಲಿ ಕಾಣುವ ಗ್ರಾಸ್ 90,000, ಬೇಸಿಕ್ 50,000. ಉಳಿದ 10,000 ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ವಿಮೆಗೆ ಹೋಗುತ್ತದೆ. ನೋಟಿಸ್ 90 ದಿನ. 2025ರ ಡಿಸೆಂಬರ್ 1ರ ಸೋಮವಾರ ರಾಜೀನಾಮೆ ಮೇಲ್ ಕಳಿಸಿದ್ದಾರೆ. ಹೊಸ ಕೆಲಸಕ್ಕೆ 2026ರ ಜನವರಿ 19ರ ಸೋಮವಾರ ಸೇರಬೇಕು. ಹಳೆ ಕಂಪನಿಯಲ್ಲಿ ಕೊನೆಯ ದಿನ ಜನವರಿ 16, ಶುಕ್ರವಾರ.

ಮೊದಲು ಆಫರ್ ಲೆಟರ್ ತೆಗೆದು ಓದಿ

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 39ನೇ ಕಲಂ ಹೇಳುವುದು ಮಾಲೀಕರು ಕೆಲಸದಿಂದ ತೆಗೆಯುವಾಗ ಕೊಡಬೇಕಾದ ಒಂದು ತಿಂಗಳ ನೋಟಿಸ್ ಬಗ್ಗೆ. ನೀವು ಕೊಡಬೇಕಾದ 90 ದಿನ ಬಂದಿರುವುದು ನೀವು ಸಹಿ ಹಾಕಿದ ನೇಮಕಾತಿ ಪತ್ರದಿಂದ. ಹಾಗಾಗಿ ಆ ಪತ್ರದ ಮಾತೇ ಇಲ್ಲಿ ಮುಖ್ಯ. ಜೊತೆಗೆ ಕಂಪನಿಯ ಎಚ್‌ಆರ್ ಪಾಲಿಸಿ ಪುಸ್ತಕವನ್ನೂ ನೋಡಿ. ಪತ್ರದಲ್ಲಿ "ಕಂಪನಿಯ ಪಾಲಿಸಿಯಂತೆ" ಅಂತ ಬರೆದು, ವಿವರವನ್ನು ಪಾಲಿಸಿಯಲ್ಲಿ ಇಟ್ಟಿರುತ್ತಾರೆ. ಪಾಲಿಸಿ ಇರುವುದು ಕಂಪನಿಯ ಒಳಗಿನ ಪೋರ್ಟಲ್‌ನಲ್ಲಿ. ಲಾಗಿನ್ ಕಿತ್ತುಕೊಂಡ ಮೇಲೆ ಅದು ಸಿಗುವುದಿಲ್ಲ. ರಾಜೀನಾಮೆ ಕೊಡುವ ಮುಂಚೆಯೇ ಓದಿ, ನೋಟಿಸ್, ರಜೆ, ಸೆಟಲ್‌ಮೆಂಟ್ ಬಗ್ಗೆ ಇರುವ ನಿಯಮಗಳನ್ನು ಬರೆದಿಟ್ಟುಕೊಳ್ಳಿ.

ಓದುವಾಗ ಇದನ್ನು ಹುಡುಕಿ. ಕಮ್ಮಿ ದಿನಕ್ಕೆ ದುಡ್ಡು ಕೊಟ್ಟು ಹೋಗುವ ಆಯ್ಕೆ ಯಾರದು? "ಎರಡೂ ಕಡೆಯವರು 90 ದಿನದ ನೋಟಿಸ್ ಕೊಡಬೇಕು, ಇಲ್ಲವೇ ಅದಕ್ಕೆ ಬದಲಾಗಿ ಸಂಬಳ ಕೊಡಬೇಕು" ಅಂತಿದ್ದರೆ ಬೈಔಟ್ ನಿಮ್ಮ ಹಕ್ಕು. "ಕಂಪನಿ ಒಪ್ಪಿದರೆ ಮಾತ್ರ" ಅಂತಿದ್ದರೆ ಮ್ಯಾನೇಜರ್ ಒಪ್ಪಿಗೆ ಬೇಕೇಬೇಕು. ಒಪ್ಪಿಗೆ ಇಲ್ಲದೆ ಹೋದರೂ ನಿಮ್ಮನ್ನು ಹಿಡಿದು ಕೆಲಸ ಮಾಡಿಸಲು ಯಾವ ಕೋರ್ಟೂ ಹೇಳುವುದಿಲ್ಲ. ಆದರೆ ಕಂಪನಿ ಅದನ್ನು ಕರಾರು ಮುರಿದದ್ದು ಅಂತ ನೋಡುತ್ತದೆ. ಹೇಳದೆ ಬಿಟ್ಟು ಹೋದರು ಅಂತ ದಾಖಲೆ ಮಾಡಿ ರಿಲೀವಿಂಗ್ ಲೆಟರ್ ತಡೆಯುವುದು ಇಂಥ ಜಾಗದಲ್ಲೇ. ಮುಂದಿನ ಕಂಪನಿಯ ಹಿನ್ನೆಲೆ ಪರಿಶೀಲನೆಯಲ್ಲಿ ಅದು ಕಾಡುತ್ತದೆ.

ಎರಡನೆಯದು, "ಸಂಬಳ" ಅಂದರೆ ಯಾವುದು? ಬೇಸಿಕ್, ಗ್ರಾಸ್ ಅಥವಾ ಸಿಟಿಸಿ ಅಂತ ಬಿಡಿಸಿ ಬರೆದಿದ್ದಾರಾ ನೋಡಿ. ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ದಿನ ಎಣಿಸುವುದು

ನೋಟಿಸ್ ಯಾವತ್ತಿಂದ ಶುರು? ಮೇಲ್ ಕಳಿಸಿದ ಮಾರನೇ ದಿನದಿಂದ ಎಣಿಸುವುದು ರೂಢಿ. ಕೆಲವು ಕಂಪನಿಗಳು ಪೋರ್ಟಲ್‌ನಲ್ಲಿ ಮ್ಯಾನೇಜರ್ ಅಪ್ರೂವ್ ಮಾಡಿದ ದಿನದಿಂದ ಎಣಿಸುತ್ತವೆ. ಮ್ಯಾನೇಜರ್ ರಜೆಯಲ್ಲಿದ್ದು ಒಂದು ವಾರ ತಡ ಮಾಡಿದರೆ ಆ ವಾರ ನಿಮ್ಮ ತಲೆಗೆ ಬರುತ್ತದೆ. ಪತ್ರದಲ್ಲಿ "ನೋಟಿಸ್ ಕೊಟ್ಟ ದಿನದಿಂದ" ಅಂತಿದ್ದರೆ ಅಪ್ರೂವಲ್ ತಾರೀಖಿಗೆ ಒಪ್ಪಬೇಡಿ. ಅದಕ್ಕೇ ಪೋರ್ಟಲ್‌ನಲ್ಲಿ ಹಾಕುವುದರ ಜೊತೆಗೆ ಅದೇ ದಿನ ಮೇಲ್ ಕೂಡ ಕಳಿಸಿ. ಅದರ ಪ್ರತಿ ನಿಮ್ಮ ಹತ್ತಿರ ಉಳಿಯಬೇಕು.

ಶ್ವೇತಾ ಅವರ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಹೀಗೆ ಹಾಕಬಹುದು:

```
=DATE(2025,12,1)+90
=DATE(2026,3,1)-DATE(2026,1,16)
```

ಮೊದಲ ಸಾಲು ಕರಾರಿನ ಪ್ರಕಾರ ಕೊನೆಯ ದಿನವನ್ನು ಕೊಡುತ್ತದೆ: 2026ರ ಮಾರ್ಚ್ 1. ಎರಡನೆಯದು ಕಮ್ಮಿ ಬಿದ್ದ ದಿನ: 44. ಅವರು ಮಾಡಿದ್ದು 46 ದಿನ. ಎರಡೂ ಸೇರಿ 90 ಆಗಬೇಕು. ಆಗದಿದ್ದರೆ ಎಲ್ಲೋ ತಪ್ಪಿದೆ.

ಇಲ್ಲಿ ಒಂದು ಚಿಕ್ಕ ವಿಷಯ ಇದೆ, ಹೆಚ್ಚಿನವರು ಗಮನಿಸುವುದಿಲ್ಲ. ಶ್ವೇತಾ ಶುಕ್ರವಾರ ಬಿಡುತ್ತಾರೆ, ಸೋಮವಾರ ಸೇರುತ್ತಾರೆ. ನಡುವಿನ ಶನಿವಾರ, ಭಾನುವಾರ ಯಾರ ಲೆಕ್ಕ? ಕೊನೆಯ ದಿನ ಜನವರಿ 18, ಭಾನುವಾರ ಅಂತ ಹಾಕಿಸಿಕೊಂಡರೆ ಕಮ್ಮಿ ದಿನ 42ಕ್ಕೆ ಇಳಿಯುತ್ತದೆ. ಗ್ರಾಸ್ ಲೆಕ್ಕದಲ್ಲಿ 6,000 ಉಳಿತಾಯ. ಆ ಎರಡು ದಿನದ ಸಂಬಳವಾಗಿ 5,806 ಬೇರೆ ಬರುತ್ತದೆ. ಕೆಲವು ಪೋರ್ಟಲ್‌ಗಳು ವಾರದ ರಜೆಯ ದಿನವನ್ನು ಕೊನೆಯ ದಿನವಾಗಿ ತಗೊಳ್ಳುವುದಿಲ್ಲ. ಆದರೂ ಎಚ್‌ಆರ್‌ಗೆ ಕೇಳಿ ನೋಡಿ. ನೋಟಿಸ್ ಎಣಿಸುವಾಗ ಶನಿವಾರ, ಭಾನುವಾರಗಳನ್ನೂ ಸೇರಿಸುವ ಕಂಪನಿ, ಬಿಡುವಾಗ ಮಾತ್ರ ಅವನ್ನು ಬಿಟ್ಟುಬಿಡುವುದು ನ್ಯಾಯ ಅಲ್ಲ ಅಲ್ವಾ?

ಒಂದು ದಿನದ ಬೆಲೆ

ಜಗಳ ಹುಟ್ಟುವುದೇ ಇಲ್ಲಿ. ಶ್ವೇತಾ ಅವರ 44 ದಿನವನ್ನು 30ರಿಂದ ಭಾಗಿಸುವ ಲೆಕ್ಕದಲ್ಲೇ ಮೂರು ರೀತಿ ನೋಡೋಣ. ಬೇಸಿಕ್ ಮೇಲಾದರೆ ದಿನಕ್ಕೆ 1,666.67, ಒಟ್ಟು 73,333. ಗ್ರಾಸ್ ಮೇಲಾದರೆ ದಿನಕ್ಕೆ 3,000, ಒಟ್ಟು 1,32,000. ಸಿಟಿಸಿ ಮೇಲಾದರೆ ದಿನಕ್ಕೆ 3,333.33, ಒಟ್ಟು 1,46,667.

ಸಿಟಿಸಿ ಲೆಕ್ಕ ಕಂಡರೆ ಸುಮ್ನೆ ಒಪ್ಪಬೇಡಿ. ಅದರಲ್ಲಿ ಕಂಪನಿ ಕಟ್ಟುವ ಪಿಎಫ್ ಇದೆ, ಗ್ರಾಚ್ಯುಟಿಗೆ ಎತ್ತಿಟ್ಟ ಹಣ ಇದೆ. ಆ 44 ದಿನಕ್ಕೆ ಕಂಪನಿ ಅದನ್ನು ಯಾರಿಗೂ ಕಟ್ಟಿಲ್ಲ. ಪತ್ರದಲ್ಲಿ ಸ್ಪಷ್ಟವಾಗಿ ಸಿಟಿಸಿ ಅಂತ ಇಲ್ಲದಿದ್ದರೆ ಗ್ರಾಸ್‌ಗಿಂತ ಮೇಲೆ ಹೋಗಲು ಅವರಿಗೆ ಆಧಾರ ಇಲ್ಲ ಅಂತ ಬರೆದು ಕೇಳಿ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು, ಆದರೆ ಕಣ್ಣಿಗೆ ಬೀಳುವುದಿಲ್ಲ. ಪೇರೋಲ್‌ನವರು ಒಂದು ದಿನದ ದರ ತೆಗೆಯುವಾಗ ಸಂಬಳವನ್ನು ಕೆಲಸದ ದಿನಗಳಿಂದ ಭಾಗಿಸುತ್ತಾರೆ, 22 ಅಥವಾ 26ರಿಂದ. ಗುಣಿಸುವಾಗ ಮಾತ್ರ ಕ್ಯಾಲೆಂಡರ್ ದಿನಗಳಿಂದ ಗುಣಿಸುತ್ತಾರೆ. 90,000ವನ್ನು 22ರಿಂದ ಭಾಗಿಸಿದರೆ 4,090.91. ಅದನ್ನು 44ರಿಂದ ಗುಣಿಸಿದರೆ 1,80,000. ಅಂದರೆ ಒಂದೂವರೆ ತಿಂಗಳಿಗಿಂತ ಕಮ್ಮಿ ದಿನಕ್ಕೆ ಎರಡು ತಿಂಗಳ ಸಂಬಳ! ಕೆಲಸದ ದಿನದ ದರವನ್ನೇ ಹಿಡಿಯುವುದಾದರೆ ದಿನಗಳನ್ನೂ ಹಾಗೇ ಎಣಿಸಬೇಕು. ಜನವರಿ 17ರಿಂದ ಮಾರ್ಚ್ 1ರವರೆಗೆ ಶನಿವಾರ, ಭಾನುವಾರ ತೆಗೆದರೆ 30 ದಿನ ಉಳಿಯುತ್ತದೆ. 30 ದಿನಕ್ಕೆ 1,22,727.

ಇದನ್ನು ಕಂಡುಹಿಡಿಯುವುದು ಸುಲಭ. ಅವರ ಒಂದು ದಿನದ ದರವನ್ನು 90ರಿಂದ ಗುಣಿಸಿ. ನೋಟಿಸ್ ಕ್ಯಾಲೆಂಡರ್ ದಿನದಲ್ಲಿದ್ದರೆ ಬರುವ ಮೊತ್ತ ಮೂರು ತಿಂಗಳ ಸಂಬಳದ ಹತ್ತಿರ ಇರಬೇಕು, ಶ್ವೇತಾಗೆ 2,70,000. ಅದಕ್ಕಿಂತ ತುಂಬಾ ಜಾಸ್ತಿ ಬಂದರೆ ಭಾಗಿಸಿದ್ದು ಒಂದು ಲೆಕ್ಕ, ಗುಣಿಸಿದ್ದು ಇನ್ನೊಂದು ಲೆಕ್ಕ.

ಉಳಿದ ರಜೆ: ಒಂದೇ ದಿನಕ್ಕೆ ಎರಡು ಬೆಲೆ

ಶ್ವೇತಾ ಅವರ ಹತ್ತಿರ 14 ದಿನ ಗಳಿಕೆ ರಜೆ ಉಳಿದಿದೆ. ಕಂಪನಿ ಇದನ್ನು ಎರಡು ರೀತಿ ಬಳಸಬಹುದು. ನಗದು ಕೊಡಬಹುದು ಅಥವಾ ಕಮ್ಮಿ ಬಿದ್ದ ದಿನಗಳಲ್ಲಿ ಕಳೆಯಬಹುದು.

ನಗದು ಕೊಡುವಾಗ ಸಾಮಾನ್ಯವಾಗಿ ಬೇಸಿಕ್ ಮೇಲೆ ಕೊಡುತ್ತಾರೆ. 14 ದಿನಕ್ಕೆ 23,333. ಅದೇ 14 ದಿನವನ್ನು 44ರಲ್ಲಿ ಕಳೆದರೆ ಕಮ್ಮಿ ದಿನ 30ಕ್ಕೆ ಇಳಿದು, ಗ್ರಾಸ್ ಲೆಕ್ಕದಲ್ಲಿ 42,000 ಉಳಿಯುತ್ತದೆ. ವ್ಯತ್ಯಾಸ 18,667 ರೂಪಾಯಿ. ನಿಮ್ಮ ರಜೆಯನ್ನು ಬೇಸಿಕ್ ದರದಲ್ಲಿ ಕೊಂಡು, ನೋಟಿಸನ್ನು ಗ್ರಾಸ್ ದರದಲ್ಲಿ ವಸೂಲಿ ಮಾಡುವ ಕಂಪನಿ ಈ ಹಣವನ್ನು ಉಳಿಸಿಕೊಳ್ಳುತ್ತದೆ. ಹಾಗಾಗಿ ರಜೆ ಕಳೆಯಲು ಅವಕಾಶ ಇದೆಯಾ ಅಂತ ಪಾಲಿಸಿಯಲ್ಲಿ ನೋಡಿ. ಪಾಲಿಸಿ ಸುಮ್ಮನಿದ್ದರೆ ಕೋರಿಕೆ ಇಡಿ. ಮ್ಯಾನೇಜರ್ ಮತ್ತು ಎಚ್‌ಆರ್ ಇಬ್ಬರೂ ಒಪ್ಪಿದರೆ ಇದು ಆಗುವ ಕೆಲಸವೇ.

ಇದರಲ್ಲೂ ಒಂದು ಸೂಕ್ಷ್ಮ ಇದೆ. ರಜೆಯನ್ನು ಹಾಜರಿಯಲ್ಲಿ ಹಾಕಿ ಕೊನೆಯ ದಿನವನ್ನೇ ಮುಂದಕ್ಕೆ ಒಯ್ದರೆ ಇನ್ನೂ ಲಾಭ ಅನ್ನಿಸುತ್ತದೆ. ಸೋಮವಾರದಿಂದ 14 ಕೆಲಸದ ದಿನ ಅಂದರೆ ನಡುವಿನ ಶನಿವಾರ, ಭಾನುವಾರ ಸೇರಿ 18 ಕ್ಯಾಲೆಂಡರ್ ದಿನ ಆಗುತ್ತದೆ. ಆದರೆ ಅಷ್ಟು ದಿನ ನೀವು ಹಳೆ ಕಂಪನಿಯ ಉದ್ಯೋಗಿಯೇ. ಆ ನಡುವೆ ಹೊಸ ಕಡೆ ಸೇರಿದರೆ ಎರಡೂ ಕಂಪನಿಗಳ ಪಿಎಫ್ ದಿನಾಂಕ ಒಂದರ ಮೇಲೊಂದು ಬಂದು, ಎರಡು ಕಡೆ ಕೆಲಸ ಮಾಡಿದಂತೆ ದಾಖಲೆಯಲ್ಲಿ ಕಾಣುತ್ತದೆ. ಶ್ವೇತಾ 19ಕ್ಕೇ ಸೇರಬೇಕಾದ್ದರಿಂದ ಅವರಿಗೆ ಈ ದಾರಿ ಇಲ್ಲ. ಕಾಗದದ ಮೇಲೆ 14 ದಿನ ಕಳೆಸಿಕೊಳ್ಳುವುದೇ ಸರಿ.

ರಾಜೀನಾಮೆ ಮೇಲ್‌ನಲ್ಲಿ ಏನಿರಬೇಕು

ಬಾಯಿಮಾತಿಗೆ ಇಲ್ಲಿ ಬೆಲೆ ಇಲ್ಲ. ಮ್ಯಾನೇಜರ್ "ಪರವಾಗಿಲ್ಲಮ್ಮ, ನಾನು ಎಚ್‌ಆರ್ ಹತ್ರ ಮಾತಾಡ್ತೀನಿ, ಏನೂ ಹಿಡಿಯಲ್ಲ" ಅಂತ ಕಾಫಿ ಕುಡಿಯುತ್ತಾ ಹೇಳಿರುತ್ತಾರೆ. ಒಳ್ಳೆ ಮನಸ್ಸಿಂದಲೇ ಹೇಳಿರುತ್ತಾರೆ. ಎರಡು ತಿಂಗಳಾದ ಮೇಲೆ ಶೀಟ್ ಮಾಡುವ ಪೇರೋಲ್‌ನವರಿಗೆ ಆ ಮಾತು ಗೊತ್ತಿರುವುದಿಲ್ಲ. ಅವರ ಮುಂದೆ ಇರುವುದು ಎರಡು ತಾರೀಖು ಮಾತ್ರ.

ಹಾಗಾಗಿ ಮೇಲ್‌ನಲ್ಲಿ ಹೀಗೆ ಕೇಳಿ: ನನ್ನ ನೋಟಿಸ್ ಡಿಸೆಂಬರ್ 2ರಿಂದ ಎಣಿಕೆಯಾಗುತ್ತದೆ ಎಂದು ದಯವಿಟ್ಟು ಖಚಿತಪಡಿಸಿ. ಜನವರಿ 18ಕ್ಕೆ ಬಿಡುಗಡೆ ಕೋರುತ್ತೇನೆ. ಕಮ್ಮಿ ಬೀಳುವ ದಿನ ಎಷ್ಟು, ಅದರಲ್ಲಿ ಮನ್ನಾ ಎಷ್ಟು, ರಜೆಯಲ್ಲಿ ಕಳೆಯುವುದು ಎಷ್ಟು, ಉಳಿದದ್ದಕ್ಕೆ ಯಾವ ಸಂಬಳದ ಮೇಲೆ, ಎಷ್ಟರಿಂದ ಭಾಗಿಸಿ ಲೆಕ್ಕ ಹಾಕುತ್ತೀರಿ ಎಂದು ತಿಳಿಸಿ. ಮ್ಯಾನೇಜರ್ ಮನ್ನಾ ಮಾಡುತ್ತೇನೆ ಅಂದಿದ್ದರೆ ಅದನ್ನೂ ಬರೆದು, ಅವರಿಂದ "ಹೌದು" ಅಂತ ಒಂದು ಸಾಲಿನ ಉತ್ತರ ತರಿಸಿಕೊಳ್ಳಿ.

ಇನ್ನೊಂದು ಸಂದರ್ಭ. ನೀವು 90 ದಿನ ಮಾಡಲು ತಯಾರಿದ್ದೀರಿ, ಆದರೆ ಕಂಪನಿಯೇ "ನಾಳೆಯಿಂದ ಬರಬೇಡಿ, ಇವತ್ತೇ ಬಿಡುಗಡೆ" ಅಂತು. ಆಗ ಕಮ್ಮಿ ಬಿದ್ದದ್ದು ನಿಮ್ಮಿಂದ ಅಲ್ಲ, ವಸೂಲಿ ಮಾಡುವಂತಿಲ್ಲ. ಆದರೆ ಆ ದಿನ ಎಚ್‌ಆರ್ ನಿಮ್ಮಿಂದ "ನನ್ನನ್ನು ಬೇಗ ಬಿಡುಗಡೆ ಮಾಡಿ" ಅಂತ ಒಂದು ಮೇಲ್ ಕೇಳಬಹುದು. ಅದನ್ನು ಕಳಿಸಬೇಡಿ. ಆ ಒಂದು ಸಾಲು ಲೆಕ್ಕವನ್ನೇ ತಿರುಗಿಸಿಬಿಡುತ್ತದೆ.

ಶೀಟ್ ಬಂದ ಮೇಲೆ

ಶ್ವೇತಾ ಅವರ ಕೊನೆಯ ದಿನ ಶುಕ್ರವಾರ 16 ಅಂತಲೇ ಉಳಿಯಿತು, ರಜೆಗೆ ನಗದು ಕೊಟ್ಟರು ಅಂತ ಇಟ್ಟುಕೊಳ್ಳಿ. ಡಿಸೆಂಬರ್ ಸಂಬಳ ಬಂದಾಗಿದೆ. ಶೀಟ್ ಹೀಗಿರುತ್ತದೆ. ಜನವರಿಯ 16 ದಿನದ ಸಂಬಳ 46,452, ಯಾಕೆಂದರೆ ಜನವರಿಗೆ 31 ದಿನ. ರಜೆ ನಗದು 23,333. ಕೂಡಿದರೆ 69,785. ಇದರಲ್ಲಿ ಪಿಎಫ್ 3,097, ವೃತ್ತಿ ತೆರಿಗೆ 200, ನೋಟಿಸ್ ವಸೂಲಿ 1,32,000. ಆದಾಯ ತೆರಿಗೆ ಕಡಿತವನ್ನು ಪಕ್ಕಕ್ಕಿಟ್ಟರೂ ಕೊನೆಯಲ್ಲಿ ಮೈನಸ್ 65,512. ಅಂದರೆ ಶ್ವೇತಾ ಅವರೇ ಕಂಪನಿಗೆ ಕಟ್ಟಬೇಕು. ರಜೆ ಕಳೆದಿದ್ದರೆ ಇದು 46,845ಕ್ಕೆ ನಿಲ್ಲುತ್ತಿತ್ತು.

ಈಗ ಸಾಲು ಸಾಲಾಗಿ ನೋಡಿ. ಮೊದಲು ಜಿಎಸ್‌ಟಿ. ನೋಟಿಸ್ ವಸೂಲಿಯ ಮೇಲೆ ಶೇ 18 ಹಾಕಿದ್ದರೆ ಶ್ವೇತಾಗೆ 23,760 ಹೆಚ್ಚುವರಿ ಹೊರೆ. ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್ 3ರಂದು ಹೊರಡಿಸಿದ 178/10/2022 ಸಂಖ್ಯೆಯ ಸುತ್ತೋಲೆ, ಒಪ್ಪಿದ ಅವಧಿಗೆ ಮುಂಚೆ ಬಿಡುವ ನೌಕರರಿಂದ ಹಿಡಿಯುವ ಸಂಬಳ ಅಥವಾ ಬಾಂಡ್ ಹಣಕ್ಕೆ ಜಿಎಸ್‌ಟಿ ಇಲ್ಲ ಎಂದು ಹೇಳಿದೆ. ಸುತ್ತೋಲೆಯ ಸಂಖ್ಯೆಯನ್ನು ಮೇಲ್‌ನಲ್ಲಿ ಬರೆದರೆ ಸಾಕು, ಪೇರೋಲ್‌ನವರು ಹುಡುಕಿಕೊಳ್ಳುತ್ತಾರೆ.

ಆಮೇಲೆ ಗ್ರಾಚ್ಯುಟಿ. ಐದು ವರ್ಷ ಮುಗಿಸಿದವರಿಗೆ ಇದು ಮುಖ್ಯ. ಗ್ರಾಚ್ಯುಟಿಯನ್ನು ತಡೆಯಲು ಕಾನೂನು ಒಪ್ಪುವ ಕಾರಣಗಳು ಬೆರಳೆಣಿಕೆಯವು: ಬೇಕೆಂದೇ ಅಥವಾ ಬೇಜವಾಬ್ದಾರಿಯಿಂದ ನಷ್ಟ ಮಾಡಿದ್ದಕ್ಕೆ, ಹಿಂಸೆಗೆ, ನೈತಿಕ ಅಧಃಪತನದ ಅಪರಾಧಕ್ಕೆ ಕೆಲಸದಿಂದ ತೆಗೆದಿದ್ದರೆ ಮಾತ್ರ. ನೋಟಿಸ್ ಕಮ್ಮಿ ಬಿದ್ದದ್ದು ಅದರಲ್ಲಿ ಇಲ್ಲ. ಶೀಟಿನಲ್ಲಿ ಗ್ರಾಚ್ಯುಟಿಯನ್ನು ಸೇರಿಸಿ, ಕೆಳಗೆ ನೋಟಿಸ್ ಹಣ ಕಳೆದು, ಉಳಿದದ್ದು ಮಾತ್ರ ಕೊಟ್ಟಿದ್ದರೆ ಆಕ್ಷೇಪಿಸಿ. ಪಿಎಫ್ ಖಾತೆಯ ಹಣವನ್ನಂತೂ ಕಂಪನಿ ಮುಟ್ಟುವಂತೆಯೇ ಇಲ್ಲ.

ಜಾಯಿನಿಂಗ್ ಬೋನಸ್, ತರಬೇತಿ ಬಾಂಡ್, ಲ್ಯಾಪ್‌ಟಾಪ್ ಇವೆಲ್ಲ ಬೇರೆ ಬೇರೆ ಸಾಲಿನಲ್ಲಿ ಇರಬೇಕು. "ಇತರೆ ವಸೂಲಿ" ಅಂತ ಒಟ್ಟು ಮೊತ್ತ ಹಾಕಿದ್ದರೆ ಬಿಡಿಸಿ ಕೊಡಲು ಕೇಳಿ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ ಇಲ್ಲಿ ನಿಮಗೆ ಎರಡು ಹಿಡಿತ ಕೊಡುತ್ತದೆ. ರಾಜೀನಾಮೆ ಕೊಟ್ಟು ಬಿಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ಮತ್ತು ಯಾವುದೇ ವೇತನ ಅವಧಿಯಲ್ಲಿ ಒಟ್ಟು ಕಡಿತ ವೇತನದ ಶೇ 50 ದಾಟಬಾರದು. ಹಿಂದಿನ ವೇತನ ಪಾವತಿ ಕಾಯ್ದೆ ತಿಂಗಳಿಗೆ 24,000ದವರೆಗಿನ ಸಂಬಳದವರಿಗೆ ಮಾತ್ರ ಇತ್ತು. ಸಂಹಿತೆಯ "ಉದ್ಯೋಗಿ" ಎನ್ನುವ ಮಾತಿನಲ್ಲಿ ಮ್ಯಾನೇಜರ್‌ಗಳೂ ಬರುತ್ತಾರೆ. "ಎಫ್ ಅಂಡ್ ಎಫ್ 45 ದಿನ ಆಗುತ್ತೆ" ಅಂತ ಎಚ್‌ಆರ್ ಹೇಳಿದರೆ ಈ ಮಾತನ್ನು ಸೌಮ್ಯವಾಗಿಯೇ ನೆನಪಿಸಿ. ಕೊನೆಯ ತಿಂಗಳ ಪೂರ್ತಿ ಸಂಬಳವನ್ನೇ ನುಂಗಿದ ಶೀಟ್ ಬಂದಾಗ ಶೇ 50ರ ಮಿತಿಯನ್ನು ಎತ್ತಿ ಹೇಳಿ. ಹಾಗಂತ ಕರಾರಿನ ಬಾಕಿ ಮನ್ನಾ ಆಗುವುದಿಲ್ಲ, ಕಂಪನಿ ಅದನ್ನು ಬೇರೆಯಾಗಿ ಕೇಳಬಹುದು. ಆದರೆ ಕೇಳುವ ದಾರಿ ಬದಲಾದರೆ ಮಾತುಕತೆಗೆ ಜಾಗ ಸಿಗುತ್ತದೆ.

ಒಪ್ಪಿಗೆ ಇಲ್ಲದಿದ್ದರೆ

ನಿಮ್ಮ ಲೆಕ್ಕವನ್ನು ಸಾಲು ಸಾಲಾಗಿ ಬರೆದು ಎಚ್‌ಆರ್‌ಗೆ ಕಳಿಸಿ. ಎಲ್ಲಿ ವ್ಯತ್ಯಾಸ ಇದೆ, ಪತ್ರದ ಯಾವ ಸಾಲಿನ ಆಧಾರ ಅಂತ ಹೇಳಿ. ಕೋಪದ ಮಾತು ಬೇಡ, ಮುಂದೆ ಅದೇ ಮೇಲ್ ಸಾಕ್ಷಿ ಆಗುತ್ತದೆ. ರಿಲೀವಿಂಗ್ ಲೆಟರ್ ತುರ್ತಾಗಿ ಬೇಕಿದ್ದರೆ "ಆಕ್ಷೇಪಣೆಯನ್ನು ಉಳಿಸಿಕೊಂಡು ಕಟ್ಟುತ್ತಿದ್ದೇನೆ" ಅಂತ ಮೊದಲು ಮೇಲ್ ಹಾಕಿ, ಆಮೇಲೆ ಕಂಪನಿಯ ಬ್ಯಾಂಕ್ ಖಾತೆಗೇ ಹಣ ಕಳಿಸಿ, ರಸೀದಿ ತಗೊಳ್ಳಿ. "ಇನ್ನು ಯಾವ ತಕರಾರೂ ಇಲ್ಲ" ಎಂಬ ಕಾಗದಕ್ಕೆ ಲೆಕ್ಕ ಸರಿಯಾಗುವ ಮುಂಚೆ ಸಹಿ ಹಾಕಬೇಡಿ.

ಉತ್ತರವೇ ಬರದಿದ್ದರೆ ವಕೀಲರಿಂದ ಒಂದು ನೋಟಿಸ್, ಅಥವಾ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕಾರ್ಮಿಕ ಇಲಾಖೆಗೆ ದೂರು. ಸಂಹಿತೆಯ ಪ್ರಕಾರ ವೇತನದ ಕ್ಲೇಮಿಗೆ ಮೂರು ವರ್ಷದ ಅವಕಾಶ ಇದೆ. ಕೋರ್ಟಿನಲ್ಲಿ ಕರಾರು ಕಾಯ್ದೆಯ 74ನೇ ಕಲಂ ಬರುತ್ತದೆ. ಕರಾರಿನಲ್ಲಿ ಬರೆದ ಮೊತ್ತವೇ ಮಿತಿ, ಅದರೊಳಗೆ ಸಮಂಜಸವಾದಷ್ಟು ಮಾತ್ರ. ಹಾಗಂತ ಕೋರ್ಟ್ ಎಲ್ಲವನ್ನೂ ತಳ್ಳಿಹಾಕುತ್ತದೆ ಅಂದುಕೊಳ್ಳಬೇಡಿ. ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ಕಟ್ಟಬೇಕೆಂಬ ಷರತ್ತನ್ನು ಕರ್ನಾಟಕ ಹೈಕೋರ್ಟ್ ಒಪ್ಪಿರಲಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ಎತ್ತಿಹಿಡಿಯಿತು. ಅದು ಬಾಂಡ್, ನಿಮ್ಮದು ನೋಟಿಸ್. ಆದರೂ ಸಹಿ ಹಾಕಿದ ಮಾತಿಗೆ ತೂಕ ಇದೆ.

ತೆರಿಗೆ ಮತ್ತು ಹೊಸ ಕಂಪನಿಯ ಬೈಔಟ್

ಹೊಸ ಕಂಪನಿ ನೋಟಿಸ್ ಹಣ ಕೊಡುತ್ತೇನೆ ಅಂದರೆ ಅದು ಆಫರ್ ಲೆಟರಿನಲ್ಲಿ ಇರಬೇಕು. ಮಿತಿ ಎಷ್ಟು, ಎಷ್ಟು ತಿಂಗಳೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು, ಏನು ದಾಖಲೆ ಬೇಕು ಅಂತ ಕೇಳಿ. ಸಾಮಾನ್ಯವಾಗಿ ನೋಟಿಸ್ ವಸೂಲಿ ಬೇರೆ ಸಾಲಿನಲ್ಲಿ ಕಾಣುವ ಶೀಟನ್ನೇ ಕೇಳುತ್ತಾರೆ. ಈ ಹಣ ಸಂಬಳದ ಜೊತೆ ಬರುತ್ತದೆ, ಅದರ ಮೇಲೆ ತೆರಿಗೆ ಹಿಡಿಯುತ್ತಾರೆ. ಹಾಗಾಗಿ ಶ್ವೇತಾ ಕಳಕೊಂಡ 1,32,000 ಪೂರ್ತಿ ಕೈಗೆ ಬರುವುದಿಲ್ಲ.

ಹಳೆ ಕಂಪನಿಯ ಫಾರ್ಮ್ 16ರಲ್ಲಿ ವಸೂಲಿಗೆ ಮುಂಚಿನ ಸಂಬಳವೇ ಇರುವುದು ಹೆಚ್ಚು. ಅಂದರೆ ಕೈಗೆ ಬಾರದ ಹಣಕ್ಕೂ ತೆರಿಗೆ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಅಹಮದಾಬಾದ್ ಪೀಠ 2017ರಲ್ಲಿ, ನೋಟಿಸ್‌ಗೆ ಹಿಡಿದ ಹಣವನ್ನು ಕಳೆದು ನಿಜವಾಗಿ ಬಂದ ಸಂಬಳಕ್ಕೆ ಮಾತ್ರ ತೆರಿಗೆ ಎಂದಿದೆ. ಆದರೆ ಕಾಯ್ದೆಯಲ್ಲಿ ಇದಕ್ಕೆಂದೇ ಒಂದು ಕಡಿತ ಇಲ್ಲ. ರಿಟರ್ನ್‌ನಲ್ಲಿ ಕಳೆದು ತೋರಿಸಿದರೆ ಇಲಾಖೆ ಪ್ರಶ್ನೆ ಕೇಳಬಹುದು. ಶೀಟ್, ರಸೀದಿ, ನೇಮಕಾತಿ ಪತ್ರ ಮೂರನ್ನೂ ಇಟ್ಟುಕೊಂಡು ನಿಮ್ಮ ಆಡಿಟರ್ ಹತ್ತಿರ ಮಾತಾಡಿಯೇ ಮುಂದುವರಿಯಿರಿ. ಸುಲಭದ ದಾರಿ ಎಂದರೆ ಶೀಟ್ ಅಂತಿಮ ಆಗುವ ಮುಂಚೆಯೇ, ವಸೂಲಿ ಕಳೆದ ಸಂಬಳದ ಮೇಲೆ ತೆರಿಗೆ ಲೆಕ್ಕ ಹಾಕಲು ಪೇರೋಲ್‌ನವರನ್ನು ಕೇಳುವುದು. ಎಲ್ಲರೂ ಒಪ್ಪುವುದಿಲ್ಲ, ಒಪ್ಪಿದರೆ ರಿಟರ್ನ್‌ನ ತಲೆನೋವು ತಪ್ಪುತ್ತದೆ.

ಇಷ್ಟಾದ ಮೇಲೆ ಇಪಿಎಫ್‌ಒ ಪೋರ್ಟಲ್‌ನಲ್ಲಿ ನಿಮ್ಮ ನಿರ್ಗಮನ ದಿನಾಂಕ ಬಂದಿದೆಯಾ ನೋಡಿ. ಅದು ರಿಲೀವಿಂಗ್ ಲೆಟರಿನ ದಿನಾಂಕದ ಜೊತೆ ಹೊಂದಬೇಕು. ಬಾಕಿ ಜಗಳದ ನೆಪದಲ್ಲಿ ಕಂಪನಿ ಹಾಕದೇ ಬಿಟ್ಟಿದ್ದರೆ ಎರಡು ತಿಂಗಳ ನಂತರ ನೀವೇ `Mark Exit` ಎಂಬ ಆಯ್ಕೆಯಿಂದ ಹಾಕಬಹುದು.